ಥೈರಾಯ್ಡ್ ಜಾಸ್ತಿಯಾಗಿ ಹೃದಯದ ಲಯ ತಪ್ಪಿದೆ, ಸುಮ್ನೆ ಕಾಯೋದು ಸರಿನಾ?

ಪ್ರಶ್ನೆ: ನಮ್ಮ ಅಮ್ಮನಿಗೆ 62 ವರ್ಷ. ಬಿಪಿ ಇದೆ. ಮೂರು ತಿಂಗಳಲ್ಲಿ 7 ಕೆ.ಜಿ. ಇಳಿದರು. ಕೈ ನಡುಕ, ಎದೆ ಢವಢವ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಅಂತ ಬಂತು, ಪಲ್ಸ್ 148. ಟಿಎಸ್‌ಎಚ್ 0.01ಕ್ಕಿಂತ ಕಡಿಮೆ. ಕಾರ್ಬಿಮಜೋಲ್, ಪ್ರೊಪ್ರನಲಾಲ್, ಜೊತೆಗೆ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು ಎರಡು ವಾರ ಆಯ್ತು. ಪಲ್ಸ್ 84ಕ್ಕೆ ಇಳಿದಿದೆ, ಆದರೆ ಇಸಿಜಿ ಇನ್ನೂ ಹಾಗೇ ಇದೆಯಂತೆ. "ಥೈರಾಯ್ಡ್ ಸರಿಯಾದರೆ ಇದೂ ತಾನಾಗಿ ಸರಿಹೋಗಬಹುದು, ಕಾಯಿರಿ" ಅಂತಾರೆ ಡಾಕ್ಟರ್. ಸಂಬಂಧಿಕರು ಆಂಜಿಯೋಗ್ರಾಂ ಮಾಡಿಸಿ, ಶಾಕ್ ಕೊಡಿಸಿ ಅಂತಾರೆ. ಹೃದಯದ ವಿಷಯದಲ್ಲಿ ಹೀಗೆ ಕಾಯೋದು ಸರಿನಾ? ಪಲ್ಸ್ ಇಳಿದಿದೆಯಲ್ಲ, ಪ್ರೊಪ್ರನಲಾಲ್ ನಿಲ್ಲಿಸಬಹುದಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕಾಯೋದು ಸರಿ. ಪ್ರೊಪ್ರನಲಾಲ್ ಮಾತ್ರ ಈಗ ನಿಲ್ಲಿಸಬೇಡಿ. ನಿಮ್ಮ ಡಾಕ್ಟರ್ ಹೇಳಿದ್ದು ಸಮಾಧಾನದ ಮಾತಲ್ಲ. ಈ ತೊಂದರೆಯಲ್ಲಿ ಕಾಯುವುದೂ ಚಿಕಿತ್ಸೆಯ ಒಂದು ಭಾಗ. ಆದರೆ ಆ ಕಾಯುವಿಕೆಗೆ ಒಂದು ಗಡುವು ಇದೆ, ಮತ್ತು ಅಷ್ಟು ದಿನ ಕೆಲವನ್ನು ಗಮನಿಸುತ್ತಲೇ ಇರಬೇಕು.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ನಿಮ್ಮ ತಾಯಿಯ ಹೃದಯದಲ್ಲಿ ಎರಡು ತೊಂದರೆಗಳಿವೆ. ಒಂದು, ವೇಗ ಜಾಸ್ತಿ. ಇನ್ನೊಂದು, ಲಯ ತಪ್ಪಿದೆ. 148 ಇದ್ದದ್ದು 84 ಆಯಿತು ಅಂದರೆ ಮೊದಲನೆಯದು ಹಿಡಿತಕ್ಕೆ ಬಂದಿದೆ. ಎರಡನೆಯದು ಇನ್ನೂ ಇದೆ. ಪ್ರೊಪ್ರನಲಾಲ್‌ನ ಕೆಲಸ ಮೊದಲನೆಯದಕ್ಕೆ ಸೇರಿದ್ದು. ಎರಡನೆಯದನ್ನು ಸರಿ ಮಾಡಬೇಕಾದದ್ದು ಕಾರ್ಬಿಮಜೋಲ್, ಅದೂ ನೇರವಾಗಿ ಅಲ್ಲ, ಥೈರಾಯ್ಡ್ ಹಾರ್ಮೋನನ್ನು ಇಳಿಸುವ ಮೂಲಕ. ಎರಡು ವಾರಕ್ಕೆ ಇಸಿಜಿ ಬದಲಾಗದೆ ಇರುವುದು ಔಷಧ ಸೋತ ಲಕ್ಷಣವಲ್ಲ. ಈ ಹೊತ್ತಿಗೆ ಹೀಗೇ ಇರುತ್ತದೆ.

ಹೃದಯದ ಮೇಲಿನ ಎರಡು ಕೋಣೆಗಳು ಸಾಮಾನ್ಯವಾಗಿ ಒಂದೇ ಕಡೆಯಿಂದ ಹೊರಡುವ ವಿದ್ಯುತ್ ಸೂಚನೆಗೆ ಒಟ್ಟಿಗೆ ಕುಗ್ಗುತ್ತವೆ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಆ ಶಿಸ್ತು ಹೋಗುತ್ತದೆ. ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ರಿಂದ 600 ಅಡ್ಡಾದಿಡ್ಡಿ ಸೂಚನೆಗಳು ಓಡಾಡುತ್ತವೆ. ಗೋಡೆ ಕುಗ್ಗುವುದಿಲ್ಲ, ಬರೀ ಅದುರುತ್ತಿರುತ್ತದೆ. ಪುಣ್ಯಕ್ಕೆ ಅಷ್ಟೂ ಸೂಚನೆಗಳು ಕೆಳಗಿನ ಕೋಣೆಗಳಿಗೆ ಇಳಿಯುವುದಿಲ್ಲ. ನಡುವೆ ಎವಿ ನೋಡ್ ಎಂಬ ಸಣ್ಣ ಗಂಟು ಇದೆ, ಅದು ಬಹುಪಾಲನ್ನು ತಡೆದು ಕೆಲವನ್ನು ಮಾತ್ರ ಕೆಳಗೆ ಬಿಡುತ್ತದೆ. ಹೇಗೆ ಬಂತೋ ಹಾಗೆ ಬಿಡುವುದರಿಂದ ನಾಡಿ ಹಿಡಿದರೆ ತಾಳ ಸಿಗುವುದಿಲ್ಲ. ಎರಡು ಬಡಿತ ಹತ್ತಿರ ಹತ್ತಿರ, ಆಮೇಲೆ ಒಂದು ತಡವಾಗಿ, ಮತ್ತೆ ಮೂರು ಬೇಗ ಬೇಗ.

ಇದಕ್ಕೂ ಕತ್ತಿನಲ್ಲಿರುವ ಗ್ರಂಥಿಗೂ ಏನು ಸಂಬಂಧ? ಥೈರಾಯ್ಡ್ ಹಾರ್ಮೋನ್‌ನಲ್ಲಿ ಟಿ4, ಟಿ3 ಎಂಬ ಎರಡು ರೂಪಗಳಿವೆ. ಜೀವಕೋಶದ ಒಳಗೆ ಕೆಲಸ ಮಾಡುವುದು ಮುಖ್ಯವಾಗಿ ಟಿ3. ಅದು ಹೃದಯದ ಸ್ನಾಯುಕೋಶದೊಳಗೆ ಹೋಗಿ, ಯಾವ ಪ್ರೋಟೀನ್ ಎಷ್ಟು ತಯಾರಾಗಬೇಕು ಅನ್ನುವುದನ್ನೇ ಬದಲಾಯಿಸುತ್ತದೆ. ಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುವ ಕೆಲವು ದಾರಿಗಳು ಹೆಚ್ಚುತ್ತವೆ, ಕ್ಯಾಲ್ಸಿಯಂ ಒಳಗೆ ಬರುವ ದಾರಿಗಳು ಕಡಿಮೆಯಾಗುತ್ತವೆ. ಇದರ ಪರಿಣಾಮ ಒಂದೇ: ಪ್ರತಿ ಬಡಿತದ ನಂತರ ಕೋಶಕ್ಕೆ ಸಿಗಬೇಕಾದ ವಿಶ್ರಾಂತಿಯ ಹೊತ್ತು ಕಡಿಮೆಯಾಗುತ್ತದೆ. ಒಮ್ಮೆ ಕುಗ್ಗಿದ ಕೋಶ ಮತ್ತೊಂದು ಸೂಚನೆಗೆ ಬಹಳ ಬೇಗ ತಯಾರಾಗಿಬಿಡುತ್ತದೆ. ಹಾಗಾಗಿ ದಾರಿ ತಪ್ಪಿದ ಸೂಚನೆ ಅಳಿದುಹೋಗದೆ ಸುತ್ತುತ್ತಲೇ ಇರಲು ಜಾಗ ಸಿಗುತ್ತದೆ. ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬಾಯಿಯ ಹತ್ತಿರವೂ ಸ್ವಲ್ಪ ಹೃದಯದ ಸ್ನಾಯು ಇರುತ್ತದೆ. ಟಿ3 ಜಾಸ್ತಿಯಾದಾಗ ಅಲ್ಲಿಂದ ಅಕಾಲದ ಬಡಿತಗಳು ಹೊರಡುವುದು ಹೆಚ್ಚು. ಕಿಡಿ ಅಲ್ಲಿ ಹುಟ್ಟಿ ಇಲ್ಲಿ ಹೊತ್ತಿಕೊಳ್ಳುತ್ತದೆ.

ಇದರ ಜೊತೆಗೆ ಇನ್ನೊಂದು ಇದೆ. ನಡುಕ, ಬೆವರು, ಎದೆಬಡಿತ ನೋಡಿದರೆ ರಕ್ತದಲ್ಲಿ ಅಡ್ರಿನಲಿನ್ ತುಂಬಿ ತುಳುಕುತ್ತಿದೆ ಅನ್ನಿಸುತ್ತದೆ. ಆದರೆ ಅಳೆದು ನೋಡಿದರೆ ಅದು ಸಾಮಾನ್ಯ ಮಟ್ಟದಲ್ಲೇ ಇರುತ್ತದೆ, ಕೆಲವೊಮ್ಮೆ ಕಡಿಮೆಯೇ ಇರುತ್ತದೆ. ಜಾಸ್ತಿಯಾಗಿರುವುದು ಅದನ್ನು ಹಿಡಿದುಕೊಳ್ಳುವ ಬೀಟಾ ಗ್ರಾಹಕಗಳು. ಟಿ3 ಇವುಗಳನ್ನೂ ಹೆಚ್ಚು ಮಾಡುತ್ತದೆ. ಅಷ್ಟೇ ಅಡ್ರಿನಲಿನ್‌ಗೆ ಹೃದಯ ಎರಡು ಪಟ್ಟು ಓಗೊಟ್ಟಂತೆ ನಡೆದುಕೊಳ್ಳುತ್ತದೆ. ಎವಿ ನೋಡ್ ಕೂಡ ಇದರಿಂದ ಸಡಿಲವಾಗಿ, ಬೇಕಾದ್ದಕ್ಕಿಂತ ಜಾಸ್ತಿ ಸೂಚನೆಗಳನ್ನು ಕೆಳಗೆ ಬಿಡುತ್ತದೆ. ನಿಮ್ಮ ತಾಯಿಯ 148 ಬಂದದ್ದು ಹೀಗೆ.

ವಯಸ್ಸು ಇಲ್ಲಿ ಮುಖ್ಯ. ಇಪ್ಪತ್ತೈದರ ಹುಡುಗಿಗೆ ಇದೇ ಥೈರಾಯ್ಡ್ ತೊಂದರೆ ಬಂದರೆ ಪಲ್ಸ್ 120 ಆಗುತ್ತದೆ, ಆದರೆ ಲಯ ಸಾಮಾನ್ಯವಾಗಿ ಕೆಡುವುದಿಲ್ಲ. ಅರವತ್ತು ದಾಟಿದವರಲ್ಲಿ, ಬಿಪಿ ಇದ್ದವರಲ್ಲಿ, ಮೇಲಿನ ಕೋಣೆ ಸ್ವಲ್ಪ ಹಿಗ್ಗಿ, ನಾರು ಬೆಳೆದು ಮೊದಲೇ ಬಡವಾಗಿರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 60 ದಾಟಿದವರನ್ನು ಹತ್ತು ವರ್ಷ ಗಮನಿಸಿ 1994ರಲ್ಲಿ ಒಂದು ವರದಿ ಬಂತು. ಥೈರಾಯ್ಡ್ ಜಾಸ್ತಿಯಾದಾಗ ಟಿಎಸ್‌ಎಚ್ ಇಳಿಯುತ್ತದೆ. ಅದು 0.1 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಸುಮಾರು ಮೂರು ಪಟ್ಟು ಹೆಚ್ಚು ಕಂಡಿತ್ತು. ವಯಸ್ಸಾದ ಕೆಲವರಲ್ಲಿ ನಡುಕ, ಬೆವರು, ಕಣ್ಣು ಉಬ್ಬುವುದು ಯಾವುದೂ ಇರುವುದಿಲ್ಲ. ತೂಕ ಇಳಿದಿರುತ್ತದೆ, ನಾಡಿ ತಪ್ಪಿರುತ್ತದೆ, ಅಷ್ಟೇ. ಆದ್ದರಿಂದ ಹೊಸದಾಗಿ ಲಯ ತಪ್ಪಿದ ಪ್ರತಿಯೊಬ್ಬರಿಗೂ ಒಂದು ಟಿಎಸ್‌ಎಚ್ ಮಾಡಿಸಲೇಬೇಕು. ನಿಮ್ಮ ಡಾಕ್ಟರ್ ಅದನ್ನು ಮಾಡಿಸಿದ್ದು ದೊಡ್ಡ ವಿಷಯ. ಇಲ್ಲದಿದ್ದರೆ ಬರೀ ಹೃದಯದ ಮಾತ್ರೆಗಳಲ್ಲೇ ವರ್ಷ ಕಳೆದುಹೋಗುತ್ತಿತ್ತು.

ಈಗ ಪ್ರೊಪ್ರನಲಾಲ್ ವಿಷಯ. ಇದು ಬೀಟಾ ಬ್ಲಾಕರ್ ಗುಂಪಿನ ಮಾತ್ರೆ. ಹೆಚ್ಚಾಗಿರುವ ಆ ಗ್ರಾಹಕಗಳ ಮೇಲೆ ಕೂತು ಅಡ್ರಿನಲಿನ್ ಅಲ್ಲಿಗೆ ತಲುಪದಂತೆ ಮಾಡುತ್ತದೆ. ಎವಿ ನೋಡ್ ಬಿಗಿಯಾಗುತ್ತದೆ, ಕೆಳಗಿನ ಕೋಣೆಗಳಿಗೆ ಇಳಿಯುವ ಸೂಚನೆ ಕಡಿಮೆಯಾಗುತ್ತದೆ. ಮೇಲಿನ ಗಲಾಟೆ ಹಾಗೇ ಇರುತ್ತದೆ. ಗಂಟೆಗಳಲ್ಲೇ ಗುಣ ಕಾಣಿಸುತ್ತದೆ, ನಡುಕವೂ ಬೆವರೂ ಒಂದೆರಡು ದಿನದಲ್ಲಿ ತಗ್ಗುತ್ತವೆ. ಹೃದಯದ ವೇಗ ತಗ್ಗಿದರೆ ಎರಡು ಬಡಿತಗಳ ನಡುವೆ ಕೆಳಗಿನ ಕೋಣೆ ತುಂಬಿಕೊಳ್ಳಲು ಹೊತ್ತು ಸಿಗುತ್ತದೆ. ವಾರಗಟ್ಟಲೆ 140–150ರಲ್ಲಿ ಓಡಿದ ಹೃದಯ ದಣಿದು ಸೋಲುವ ಅಪಾಯವಿದೆ. ಅದನ್ನು ತಪ್ಪಿಸುವುದೇ ಈ ಮಾತ್ರೆಯ ದೊಡ್ಡ ಉಪಕಾರ.

ಪ್ರೊಪ್ರನಲಾಲ್‌ಗೆ ಇನ್ನೊಂದು ಸಣ್ಣ ಗುಣವೂ ಇದೆ. ದೇಹದಲ್ಲಿ ಟಿ4 ಅನ್ನು ಟಿ3 ಆಗಿ ಬದಲಾಯಿಸುವುದನ್ನು ಸ್ವಲ್ಪ ತಡೆಯುತ್ತದೆ. ಆದರೆ ಅದಕ್ಕೆ ದಿನಕ್ಕೆ 160 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬೇಕು, ಮತ್ತು ಆ ಪರಿಣಾಮ ನಿಧಾನ, ಚಿಕ್ಕದು. ಅದನ್ನೇ ನಂಬಿಕೊಂಡು ಯಾರೂ ಕೊಡುವುದಿಲ್ಲ.

ಡೋಸ್ ಬಗ್ಗೆ ಬಹಳ ಮನೆಗಳಲ್ಲಿ ಗೊಂದಲವಾಗುತ್ತದೆ. ಸಾಮಾನ್ಯವಾಗಿ 10ರಿಂದ 40 ಮಿ.ಗ್ರಾಂ, ದಿನಕ್ಕೆ ಮೂರು ಅಥವಾ ನಾಲ್ಕು ಸಲ. ಒಂದು ಸಲದ ಮಾತ್ರೆ ಹೆಚ್ಚು ಹೊತ್ತು ದೇಹದಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಇಷ್ಟು ಸಲ. "ಬೆಳಗ್ಗೆ ರಾತ್ರಿ ಸಾಕು, ಮಧ್ಯಾಹ್ನದ್ದು ಬಿಟ್ಟೆ" ಅನ್ನುವವರ ಪಲ್ಸ್ ಸಂಜೆ ನಾಲ್ಕರ ಹೊತ್ತಿಗೆ ಮತ್ತೆ 120 ದಾಟಿರುತ್ತದೆ. ಮೂರು ಸಲ ನೆನಪಿಟ್ಟುಕೊಳ್ಳುವುದು ಕಷ್ಟವಾದರೆ ದಿನಕ್ಕೆ ಒಂದು ಅಥವಾ ಎರಡು ಸಲದ ಅಟೆನೊಲಾಲ್, ಮೆಟೊಪ್ರೊಲಾಲ್ ಇವೆ. ಡಾಕ್ಟರ್ ಹತ್ತಿರ ಹಾಗೆಂದು ಹೇಳಿ ಬದಲಾಯಿಸಿಕೊಳ್ಳಬಹುದು. ಇನ್ನೊಂದು ಸಂಗತಿ: ಥೈರಾಯ್ಡ್ ಜಾಸ್ತಿ ಇರುವಾಗ ದೇಹ ಈ ಮಾತ್ರೆಯನ್ನು ಬೇಗ ಬೇಗ ಹೊರಹಾಕುತ್ತದೆ. ಆಗ ದೊಡ್ಡ ಡೋಸ್ ಬೇಕಾಗುತ್ತದೆ. ಥೈರಾಯ್ಡ್ ಇಳಿಯುತ್ತಾ ಬಂದಂತೆ ಅದೇ ಡೋಸ್ ಜಾಸ್ತಿಯಾಗಿ, ತಲೆ ಸುತ್ತು, ಸುಸ್ತು, ಪಲ್ಸ್ 50ರ ಹತ್ತಿರ ಬರುವುದು ಆಗಬಹುದು. ಆಗ ಇಳಿಸುತ್ತಾ ಹೋಗಬೇಕು. ಮಾತ್ರೆ ಕಡಿಮೆ ಮಾಡುವ ಕಾಲ ಅದು. ನಿಮ್ಮ ತಾಯಿಗೆ ಅದು ಇನ್ನೂ ಬಂದಿಲ್ಲ.

ಈಗ ಯಾಕೆ ನಿಲ್ಲಿಸಬಾರದು ಅಂದರೆ, 84 ಇರುವುದೇ ಮಾತ್ರೆಯಿಂದ. ಗ್ರಾಹಕಗಳು ಇನ್ನೂ ಜಾಸ್ತಿಯೇ ಇವೆ. ಥಟ್ಟನೆ ತೆಗೆದರೆ ವೇಗ ಮೊದಲಿನಷ್ಟೇ ಆಗಬಹುದು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ.

ಈ ಮಾತ್ರೆ ಎಲ್ಲರಿಗೂ ಹೊಂದುವುದಿಲ್ಲ ಅನ್ನುವುದೂ ಗೊತ್ತಿರಲಿ. ನಿಮ್ಮ ತಾಯಿಗೆ ಎಂದಾದರೂ ಆಸ್ತಮಾ, ಉಬ್ಬಸ ಇದ್ದಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ. ಪ್ರೊಪ್ರನಲಾಲ್ ಶ್ವಾಸನಾಳವನ್ನೂ ಬಿಗಿ ಮಾಡುತ್ತದೆ. ಅಂಥವರಿಗೆ ಡಿಲ್ಟಿಯಾಜೆಮ್ ತರಹದ ಬೇರೆ ಮಾತ್ರೆ ಕೊಡುತ್ತಾರೆ. ಕಾಲು ಬಾವು, ಮಲಗಿದರೆ ಉಸಿರು ಕಟ್ಟುವುದು ಇದ್ದರೆ ಹೃದಯ ಸೋಲುತ್ತಿರಬಹುದು. ಆಗ ಬೀಟಾ ಬ್ಲಾಕರ್ ಡೋಸನ್ನು ಬಹಳ ಎಚ್ಚರದಿಂದ ಕೊಡಬೇಕಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗ ಆಗುವ ಎದೆಬಡಿತ, ನಡುಕವನ್ನು ಇದು ಮುಚ್ಚಿಬಿಡುತ್ತದೆ. ಬೆವರು ಮಾತ್ರ ಕಾಣಿಸಬಹುದು.

ಇನ್ನು ನೀವು ಕೇಳಿದ ಮುಖ್ಯ ವಿಷಯ. ಲಯ ತಾನಾಗಿ ಹೇಗೆ ಸರಿಹೋಗುತ್ತದೆ?

ವಯಸ್ಸಿನಿಂದ, ಕವಾಟದ ಕಾಯಿಲೆಯಿಂದ ಬರುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಹೃದಯದ ಗೋಡೆಯೇ ಬದಲಾಗಿರುತ್ತದೆ. ಗಾಯದ ನಾರು ಬೆಳೆದಿರುತ್ತದೆ, ಅದು ಕರಗುವುದಿಲ್ಲ. ಥೈರಾಯ್ಡ್‌ನಿಂದ ಬಂದದ್ದರಲ್ಲಿ ಕೆಟ್ಟಿರುವುದು ಹೆಚ್ಚಾಗಿ ಗೋಡೆಯಲ್ಲ. ಟಿ3 ಹೇಳಿದಂತೆ ಕೋಶ ತಯಾರಿಸಿಕೊಂಡ ಪ್ರೋಟೀನ್‌ಗಳ ಲೆಕ್ಕ ಕೆಟ್ಟಿದೆ. ಕೋಶ ಈ ಪ್ರೋಟೀನ್‌ಗಳನ್ನು ಹಳೆಯದು ತೆಗೆದು ಹೊಸದು ಹಾಕುತ್ತಲೇ ಇರುತ್ತದೆ. ಟಿ3 ಮಾಮೂಲಿಗೆ ಬಂದ ಮೇಲೆ ಹೊಸದಾಗಿ ತಯಾರಾಗುವುದು ಮಾಮೂಲಿ ಲೆಕ್ಕದಲ್ಲೇ. ಪೊಟ್ಯಾಸಿಯಂ ದಾರಿಗಳು ತಗ್ಗುತ್ತವೆ, ಬೀಟಾ ಗ್ರಾಹಕಗಳು ತಗ್ಗುತ್ತವೆ, ಕೋಶದ ವಿಶ್ರಾಂತಿಯ ಹೊತ್ತು ಮತ್ತೆ ಉದ್ದವಾಗುತ್ತದೆ. ಸುತ್ತುತ್ತಿದ್ದ ಸೂಚನೆಗೆ ಸುತ್ತಲು ಜಾಗ ಸಿಗದೆ ಒಂದು ದಿನ ಅಳಿಯುತ್ತದೆ. ಹೃದಯದ ಸಹಜ ಸೂಚನೆ ಆಗ ಮತ್ತೆ ಮೇಲುಗೈ ಪಡೆಯುತ್ತದೆ. ರೋಗಿಗೆ ಇದು ಆದದ್ದು ಬಹಳ ಸಲ ಗೊತ್ತೂ ಆಗುವುದಿಲ್ಲ.

ಇದು ಊಹೆಯಲ್ಲ. 1982ರಲ್ಲಿ ಜಪಾನಿನ ವೈದ್ಯರು ಇಂಥ 163 ರೋಗಿಗಳ ಲೆಕ್ಕ ಪ್ರಕಟಿಸಿದರು. ಥೈರಾಯ್ಡ್ ಸರಿಹೋದ ಮೇಲೆ ಅವರಲ್ಲಿ 101 ಜನರ ಲಯ ಯಾವ ಶಾಕೂ ಇಲ್ಲದೆ ಸರಿಯಾಗಿತ್ತು, ಅಂದರೆ ನೂರಕ್ಕೆ 62. ಹಾಗೆ ಸರಿಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ, ಹಾರ್ಮೋನ್ ಮಾಮೂಲಿಗೆ ಬಂದ ಮೂರು ವಾರದೊಳಗೇ ಆಗಿತ್ತು. ಮತ್ತೊಂದು ಮಾತನ್ನೂ ಅವರು ಗುರುತಿಸಿದರು. ಹಾರ್ಮೋನ್ ಮಾಮೂಲಿಗೆ ಬಂದು ನಾಲ್ಕು ತಿಂಗಳು ಕಳೆದರೂ ಲಯ ಸರಿಯಾಗದೆ ಉಳಿದವರಲ್ಲಿ ಆಮೇಲೆ ತಾನಾಗಿ ಸರಿಹೋದವರು ಯಾರೂ ಇರಲಿಲ್ಲ. ನಾನು ಮೊದಲಿಗೆ ಗಡುವು ಅಂದದ್ದು ಈ ನಾಲ್ಕು ತಿಂಗಳನ್ನು. ಎಣಿಕೆ ಶುರುವಾಗುವುದು ಮಾತ್ರೆ ಶುರು ಮಾಡಿದ ದಿನದಿಂದ ಅಲ್ಲ, ಹಾರ್ಮೋನ್ ಮಾಮೂಲಿಗೆ ಬಂದ ದಿನದಿಂದ.

ಹಾರ್ಮೋನ್ ಮಾಮೂಲಿಗೆ ಬರಲು ಯಾಕೆ ಅಷ್ಟು ದಿನ? ಕಾರ್ಬಿಮಜೋಲ್ ಹೊಸ ಹಾರ್ಮೋನ್ ತಯಾರಾಗುವುದನ್ನು ನಿಲ್ಲಿಸುತ್ತದೆ. ಈಗಾಗಲೇ ತಯಾರಾಗಿ ಗ್ರಂಥಿಯಲ್ಲಿ ಕೂಡಿಟ್ಟದ್ದನ್ನು ಅದು ಮುಟ್ಟುವುದಿಲ್ಲ. ಗದ್ದೆ ಬಿತ್ತುವುದು ನಿಲ್ಲಿಸಿದರೂ ಕಣಜದಲ್ಲಿ ಭತ್ತ ಇರುವಷ್ಟು ದಿನ ಮನೆಯಲ್ಲಿ ಅನ್ನ ಆಗುತ್ತಲೇ ಇರುತ್ತದೆ ಅಲ್ವಾ, ಹಾಗೆ. ಆ ದಾಸ್ತಾನು ಖಾಲಿಯಾಗಲು ಸಾಮಾನ್ಯವಾಗಿ ಮೂರರಿಂದ ಎಂಟು ವಾರ ಬೇಕು. ಗ್ರಂಥಿ ದೊಡ್ಡದಿದ್ದರೆ ಇನ್ನೂ ಜಾಸ್ತಿ. ಈ ನಡುವಿನ ವಾರಗಳನ್ನು ದಾಟಿಸುವುದಕ್ಕೇ ಪ್ರೊಪ್ರನಲಾಲ್ ಇರುವುದು.

ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ, ದಿನಗಳ ಅಂದಾಜು ಸಿಗುತ್ತದೆ. 57 ವರ್ಷದ ಗೃಹಿಣಿ. ಹೊಸದಾಗಿ ಲಯ ತಪ್ಪಿತ್ತು, ಪಲ್ಸ್ 152. ಫ್ರೀ ಟಿ4 4.8 ಇತ್ತು. ಆ ಲ್ಯಾಬಿನಲ್ಲಿ ಮಾಮೂಲಿ ಮಿತಿ 0.9ರಿಂದ 1.7. ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆಯ ಆಂಟಿಬಾಡಿ ಪರೀಕ್ಷೆ ಪಾಸಿಟಿವ್. ಎಕೋದಲ್ಲಿ ಕವಾಟಗಳು ಚೆನ್ನಾಗಿದ್ದವು, ಮೇಲಿನ ಕೋಣೆ ಹಿಗ್ಗಿರಲಿಲ್ಲ. ಕಾರ್ಬಿಮಜೋಲ್ ದಿನಕ್ಕೆ 30 ಮಿ.ಗ್ರಾಂ, ಪ್ರೊಪ್ರನಲಾಲ್ 40 ಮಿ.ಗ್ರಾಂ ಮೂರು ಸಲ, ರಕ್ತ ತೆಳು ಮಾಡುವ ಮಾತ್ರೆ.

ಎರಡನೇ ವಾರ ಪಲ್ಸ್ 88, ಲಯ ತಪ್ಪಿಯೇ ಇತ್ತು, ಫ್ರೀ ಟಿ4 3.6. ನಿಮ್ಮ ತಾಯಿ ಈಗ ಇರುವುದು ಹೆಚ್ಚುಕಡಿಮೆ ಇಲ್ಲೇ. ಐದನೇ ವಾರಕ್ಕೆ ಫ್ರೀ ಟಿ4 2.1ಕ್ಕೆ ಇಳಿದಿತ್ತು. ತೂಕ ಇಳಿಯುವುದು ನಿಂತಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ಇಸಿಜಿ ಮಾತ್ರ ಬದಲಾಗಿರಲಿಲ್ಲ, ಮನೆಯವರ ಧೈರ್ಯ ಕುಂದಿತ್ತು. ಎಂಟನೇ ವಾರ ಫ್ರೀ ಟಿ4 1.5, ಅಂದರೆ ಮಿತಿಯೊಳಗೆ. ಟಿ3 ಕೂಡ ಸರಿ. ಲಯ ಆಗಲೂ ತಪ್ಪಿಯೇ ಇತ್ತು. ಕಾರ್ಬಿಮಜೋಲ್ 15ಕ್ಕೆ, ಪ್ರೊಪ್ರನಲಾಲ್ 20 ಮೂರು ಸಲಕ್ಕೆ ಇಳಿಸಿದೆವು. ಹತ್ತನೇ ವಾರ ಬಂದಾಗ "ತಲೆ ಸ್ವಲ್ಪ ಹಗುರ ಅನ್ನಿಸುತ್ತೆ, ಆದರೆ ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಕೊಳ್ಳುತ್ತಿಲ್ಲ" ಅಂದರು. ನಾಡಿ ಹಿಡಿದರೆ 56, ಒಂದೇ ಸಮ. ಇಸಿಜಿಯಲ್ಲಿ ಮೇಲಿನ ಕೋಣೆಯ ಪಿ ಅಲೆ ಪ್ರತಿ ಬಡಿತದ ಮುಂದೆ ಅಚ್ಚುಕಟ್ಟಾಗಿ ಕಂಡಿತು. ಲಯ ಯಾವ ದಿನ ಮರಳಿತು ಅಂತ ಅವರಿಗೂ ಗೊತ್ತಿಲ್ಲ. ಪ್ರೊಪ್ರನಲಾಲ್ ಇನ್ನಷ್ಟು ಇಳಿಸಿ, ಆಮೇಲೆ ನಿಲ್ಲಿಸಿದೆವು.

ಎಂಟನೇ ವಾರದಲ್ಲಿ ಅವರ ಟಿಎಸ್‌ಎಚ್ ಎಷ್ಟಿತ್ತು ಗೊತ್ತಾ? ಇನ್ನೂ 0.01ಕ್ಕಿಂತ ಕಡಿಮೆ. ಇಲ್ಲಿ ಬಹಳ ಜನ ಎಡವುತ್ತಾರೆ. ಟಿಎಸ್‌ಎಚ್ ಬರುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ. ತಿಂಗಳುಗಟ್ಟಲೆ ಹಾರ್ಮೋನ್ ಜಾಸ್ತಿ ಇದ್ದು ಅದು ಸುಮ್ಮನಾಗಿರುತ್ತದೆ. ಹಾರ್ಮೋನ್ ಸರಿಯಾದ ಮೇಲೂ ಎಚ್ಚೆತ್ತುಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಟಿಎಸ್‌ಎಚ್ ಒಂದನ್ನೇ ನೋಡಿ ಕಾರ್ಬಿಮಜೋಲ್ ಜಾಸ್ತಿ ಮಾಡಿದರೆ ಥೈರಾಯ್ಡ್ ತೀರಾ ಕಡಿಮೆಯಾಗಿಬಿಡುತ್ತದೆ. ಮೊದಲ ತಿಂಗಳುಗಳಲ್ಲಿ ಫ್ರೀ ಟಿ4, ಟಿ3 ನೋಡಿಯೇ ನಿರ್ಧರಿಸಬೇಕು. ಲ್ಯಾಬಿನಲ್ಲಿ ಬರೀ ಟಿಎಸ್‌ಎಚ್ ಮಾಡಿಸಿ ಹಣ ಉಳಿಸಬೇಡಿ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ, ಟಿ4 ಅನ್ನು ಸುಳ್ಳಾಗಿ ಜಾಸ್ತಿ ತೋರಿಸುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲು ನಿಲ್ಲಿಸಬೇಕು.

ಶಾಕ್ ಈಗ ಬೇಡ ಅನ್ನುವುದಕ್ಕೆ ಕಾರಣ ಈಗ ನಿಮಗೇ ಹೊಳೆದಿರಬಹುದು. ಎದೆಯ ಮೇಲೆ ಪ್ಯಾಡ್ ಇಟ್ಟು ಕೊಡುವ ಶಾಕ್‌ನಿಂದ ಲಯ ಆ ಕ್ಷಣಕ್ಕೆ ಸರಿಹೋಗಬಹುದು. ಆದರೆ ಟಿ3 ಇನ್ನೂ ಜಾಸ್ತಿ ಇದ್ದರೆ ಕೋಶಗಳ ಸ್ಥಿತಿ ಹಾಗೇ ಇರುತ್ತದೆ, ದಿನಗಳಲ್ಲಿ ಮತ್ತೆ ತಪ್ಪುತ್ತದೆ. ಮತ್ತೆ, ನೂರಕ್ಕೆ ಅರವತ್ತು ಜನರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಇದಕ್ಕೆ ಹೊರತಾದದ್ದು ಒಂದೇ: ಬಿಪಿ ಕುಸಿದು, ಉಸಿರು ಕಟ್ಟಿ, ಪ್ರಜ್ಞೆ ತಪ್ಪುವಂಥ ತುರ್ತು. ಆಗ ಥೈರಾಯ್ಡ್ ಎಷ್ಟಿದೆ ಅಂತ ಯಾರೂ ಕಾಯುವುದಿಲ್ಲ.

ಆಂಜಿಯೋಗ್ರಾಂ ಬಗ್ಗೆ. ಅದು ಹೃದಯದ ರಕ್ತನಾಳದಲ್ಲಿ ಅಡಚಣೆ ಇದೆಯೇ ಅಂತ ನೋಡುವ ಪರೀಕ್ಷೆ. ಲಯ ತಪ್ಪಿದೆ ಅನ್ನುವುದೊಂದೇ ಅದಕ್ಕೆ ಕಾರಣ ಆಗುವುದಿಲ್ಲ. ಅದರಲ್ಲಿ ಬಳಸುವ ಕಾಂಟ್ರಾಸ್ಟ್ ದ್ರವದಲ್ಲಿ ಅಯೋಡಿನ್ ತುಂಬಾ ಇರುತ್ತದೆ. ಈ ಹೊತ್ತಿನಲ್ಲಿ ಅಷ್ಟು ಅಯೋಡಿನ್ ಹೋದರೆ ಥೈರಾಯ್ಡ್ ಕೆರಳಬಹುದು, ಸರಿಹೋಗುವುದು ತಡವಾಗಬಹುದು. ನಡೆದರೆ ಎದೆ ಹಿಂಡುವಂಥ ನೋವು ಬಂದು, ಹೃದಯಾಘಾತದ ಅನುಮಾನ ಇದ್ದರೆ ಮಾತು ಬೇರೆ, ಆಗ ಮಾಡಿಸಲೇಬೇಕು. ಇದೇ ಕಾರಣಕ್ಕೆ ಅಮಿಯೊಡರೋನ್ ಎಂಬ ಲಯದ ಮಾತ್ರೆ ವಿಷಯದಲ್ಲೂ ಎಚ್ಚರ ಬೇಕು. ಅದರ 200 ಮಿ.ಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿ.ಗ್ರಾಂ ಅಯೋಡಿನ್ ಇದೆ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾದದ್ದು 0.15 ಮಿ.ಗ್ರಾಂ ಮಾತ್ರ. ಬೇರೆ ಆಸ್ಪತ್ರೆಗೆ ಹೋದಾಗ ಯಾರಾದರೂ ಇದನ್ನು ಬರೆದರೆ, ಥೈರಾಯ್ಡ್ ಜಾಸ್ತಿ ಇದೆ ಅಂತ ಮೊದಲೇ ಹೇಳಿ. ಅಡುಗೆಯ ಅಯೋಡಿನ್ ಉಪ್ಪಿನ ಬಗ್ಗೆ ಚಿಂತೆ ಬೇಡ, ಆ ಪ್ರಮಾಣ ಇದರ ಮುಂದೆ ಏನೇನೂ ಅಲ್ಲ.

ಕಾಯುವ ಈ ದಿನಗಳಲ್ಲಿ ನನಗೆ ಹೆಚ್ಚು ಆತಂಕ ಇರುವುದು ಲಯದ ಬಗ್ಗೆ ಅಲ್ಲ, ರಕ್ತ ಹೆಪ್ಪುಗಟ್ಟುವುದರ ಬಗ್ಗೆ. ಮೇಲಿನ ಕೋಣೆ ಕುಗ್ಗದೆ ಅದುರುತ್ತಿದ್ದರೆ ಅದರ ಮೂಲೆಯ ಚೀಲದಂಥ ಭಾಗದಲ್ಲಿ ರಕ್ತ ನಿಂತು ಗಡ್ಡೆ ಕಟ್ಟುತ್ತದೆ. ಅದು ಹೊರಟು ಮೆದುಳಿಗೆ ಹೋದರೆ ಪಾರ್ಶ್ವವಾಯು. ನಿಮ್ಮ ತಾಯಿಗೆ ಬಿಪಿ ಇದೆ, ವಯಸ್ಸು 62. ಅವರಿಗೆ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟದ್ದು ಸರಿಯಾಗಿದೆ. ಒಂದು ಹೊತ್ತೂ ತಪ್ಪಿಸಬೇಡಿ.

ಯಾವ ಮಾತ್ರೆ ಅಂತ ಚೀಟಿ ನೋಡಿ. ವಾರ್ಫರಿನ್ ಅಥವಾ ಅಸೆನೊಕುಮರಾಲ್ ಆಗಿದ್ದರೆ ಒಂದು ಸೂಕ್ಷ್ಮ ಇದೆ. ಥೈರಾಯ್ಡ್ ಜಾಸ್ತಿ ಇದ್ದಾಗ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ದೇಹದಲ್ಲಿ ಬೇಗ ಸವೆಯುತ್ತವೆ. ಸ್ವಲ್ಪ ಡೋಸಿಗೇ, ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಏರಿಬಿಡುತ್ತದೆ. ಕಾರ್ಬಿಮಜೋಲ್ ಕೆಲಸ ಮಾಡಿ ಥೈರಾಯ್ಡ್ ಇಳಿದಂತೆ ಅದೇ ಡೋಸಿಗೆ ಐಎನ್‌ಆರ್ ಕೆಳಗೆ ಬರುತ್ತದೆ. ರೋಗಿ ಚೇತರಿಸಿಕೊಳ್ಳುತ್ತಿರುವಂತೆ ಕಾಣುವ ವಾರಗಳಲ್ಲೇ ರಕ್ಷಣೆ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಹಾಗಾಗಿ ಐಎನ್‌ಆರ್ ಅನ್ನು ಎರಡರಿಂದ ಮೂರರ ನಡುವೆ ಇಡಲು ಈ ತಿಂಗಳುಗಳಲ್ಲಿ ಪದೇ ಪದೇ ಪರೀಕ್ಷೆ ಬೇಕು. ಅಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಟ್ರಾನ್ ತರಹದ್ದಾಗಿದ್ದರೆ ಐಎನ್‌ಆರ್ ಗೊಡವೆ ಇಲ್ಲ, ಆದರೆ ಕಿಡ್ನಿ ಪರೀಕ್ಷೆ ಆಗಿರಬೇಕು. ಯಾವುದೇ ಆಗಿರಲಿ, ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ. ರಕ್ತಸ್ರಾವ ಆಗುತ್ತದೆ. ಲಯ ಸರಿಯಾದ ದಿನವೇ ಈ ಮಾತ್ರೆ ನಿಲ್ಲಿಸುವಂತೆಯೂ ಇಲ್ಲ. ಮೇಲಿನ ಕೋಣೆ ಮತ್ತೆ ಪೂರ್ತಿ ಬಲದಿಂದ ಕುಗ್ಗಲು ಕೆಲವು ವಾರ ಬೇಕು. ಆಮೇಲೂ ಬಿಪಿ ಇರುವವರಿಗೆ ಮುಂದುವರಿಸಬೇಕೇ ಅಂತ ಡಾಕ್ಟರ್ ಪ್ರತ್ಯೇಕವಾಗಿ ಯೋಚಿಸುತ್ತಾರೆ.

ಮನೆಯಲ್ಲಿ ನೀವು ಮಾಡಬಹುದಾದ ಒಂದು ಕೆಲಸ, ದಿನಕ್ಕೆರಡು ಸಲ ನಾಡಿ ಎಣಿಸುವುದು. ಮಾತ್ರೆ ತೆಗೆದುಕೊಳ್ಳುವ ಮೊದಲು, ಐದು ನಿಮಿಷ ಕೂತ ಮೇಲೆ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ತಪ್ಪಿದ ನಾಡಿಗೆ ಹೊಂದುವುದಿಲ್ಲ. ಬೆರಳಿಗೆ ಹಾಕುವ ಯಂತ್ರದ ಸಂಖ್ಯೆ ಕುಣಿಯುತ್ತಿರುತ್ತದೆ, ಬಿಪಿ ಯಂತ್ರವೂ ಒಂದೊಂದು ಸಲ ಒಂದೊಂದು ತೋರಿಸುತ್ತದೆ. ಬಿಪಿ ಮೂರು ಸಲ ನೋಡಿ ಸರಾಸರಿ ಬರೆದಿಡಿ. ಪಕ್ಕದಲ್ಲಿ "ತಾಳ ಇದೆ" ಅಥವಾ "ತಾಳ ಇಲ್ಲ" ಅಂತ ಬರೆಯಿರಿ. ಎಂಟನೇ ವಾರದ ಆಚೆಗೆ ಒಂದು ದಿನ ನೀವೇ ಮೊದಲು ವ್ಯತ್ಯಾಸ ಕಂಡುಕೊಳ್ಳಬಹುದು. ಆದರೆ ಇಸಿಜಿ ಆಗುವ ತನಕ ಯಾವ ಮಾತ್ರೆಯನ್ನೂ ಬದಲಾಯಿಸಬೇಡಿ.

ಕೂತಾಗ ಪಲ್ಸ್ 110 ದಾಟಿ ನಿಂತರೆ, 50ಕ್ಕಿಂತ ಕೆಳಗೆ ಬಂದರೆ ಫೋನ್ ಮಾಡಿ ಕೇಳಿ. ಬಾಯಿ ಸೊಟ್ಟಗಾದರೆ, ಒಂದು ಕೈ ಬಲ ಹೋದರೆ, ಮಾತು ತೊದಲಿದರೆ ಕ್ಷಣವೂ ಕಾಯದೆ ದೊಡ್ಡ ಆಸ್ಪತ್ರೆಗೆ. ಉಸಿರು ಕಟ್ಟಿದರೆ, ಜ್ವರದ ಜೊತೆ ಮಾತು ತಡವರಿಸಿ ಗಾಬರಿಯಾದರೆ ಹಾಗೆಯೇ. ಇನ್ನೊಂದು ಕಾರ್ಬಿಮಜೋಲ್ ಕಡೆಯಿಂದ. ಅಪರೂಪಕ್ಕೆ ಅದು ಬಿಳಿ ರಕ್ತಕಣಗಳನ್ನು ಇಳಿಸಿಬಿಡುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಜ್ವರ, ಜೋರು ಗಂಟಲು ನೋವು, ಬಾಯಿ ಹುಣ್ಣು ಬಂದರೆ ಮಾಮೂಲಿ ಶೀತ ಅಂತ ಬಿಡಬೇಡಿ. ಆ ದಿನವೇ ಕಾರ್ಬಿಮಜೋಲ್ ನಿಲ್ಲಿಸಿ ರಕ್ತಕಣಗಳ ಎಣಿಕೆ ಮಾಡಿಸಿ, ಡಾಕ್ಟರಿಗೆ ತೋರಿಸಿ. ಕಣ್ಣು ಹಳದಿಯಾದರೂ ಹಾಗೆಯೇ.

ನಾಲ್ಕು ತಿಂಗಳ ಗಡುವು ದಾಟಿದರೂ ಲಯ ಸರಿಯಾಗದವರೂ ಇರುತ್ತಾರೆ. ಮೊದಲೇ ಮೇಲಿನ ಕೋಣೆ ತುಂಬಾ ಹಿಗ್ಗಿದ್ದವರು, ಕವಾಟದ ಕಾಯಿಲೆ ಇದ್ದವರು, ಗೊತ್ತಾಗದೆ ವರ್ಷಕ್ಕಿಂತ ಹೆಚ್ಚು ಕಾಲ ಲಯ ತಪ್ಪಿದ್ದವರು. ಅವರಿಗೆ ಆಗ ಶಾಕ್ ಕೊಡಬಹುದು. ಥೈರಾಯ್ಡ್ ಮಾಮೂಲಿ ಇರುವಾಗ ಕೊಟ್ಟರೆ ಅದು ನಿಲ್ಲುವ ಸಾಧ್ಯತೆ ಚೆನ್ನಾಗಿರುತ್ತದೆ. ನಿಮ್ಮ ತಾಯಿಯ ಎಕೋ ವರದಿಯಲ್ಲಿ ಎಡ ಮೇಲಿನ ಕೋಣೆಯ ಅಳತೆ ಎಷ್ಟಿದೆ, ಕವಾಟಗಳ ಬಗ್ಗೆ ಏನು ಬರೆದಿದ್ದಾರೆ ಅಂತ ಮುಂದಿನ ಸಲ ಕೇಳಿ. ಎಕೋ ಆಗಿಲ್ಲದಿದ್ದರೆ ಮಾಡಿಸಿ.

ಇನ್ನೊಂದು ಪ್ರಶ್ನೆಯನ್ನೂ ಅದೇ ಹೊತ್ತಿಗೆ ಕೇಳಿ: ಥೈರಾಯ್ಡ್ ಜಾಸ್ತಿಯಾಗಲು ಕಾರಣ ಏನು? ಗ್ರೇವ್ಸ್ ಕಾಯಿಲೆಯೇ, ಥೈರಾಯ್ಡ್ ಗ್ರಂಥಿಯಲ್ಲಿ ಬೆಳೆದ ಗಂಟುಗಳೇ? ಗ್ರೇವ್ಸ್‌ನಲ್ಲಿ ಕಾರ್ಬಿಮಜೋಲನ್ನು ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ತಿಂಗಳು ಕೊಡುತ್ತಾರೆ. ನಿಲ್ಲಿಸಿದ ಮೇಲೆ ಸುಮಾರು ಅರ್ಧ ಜನರಲ್ಲಿ ಅದು ಮರುಕಳಿಸುತ್ತದೆ. ಗಂಟುಗಳಿಂದ ಆದದ್ದಾದರೆ ಮಾತ್ರೆ ನಿಲ್ಲಿಸಿದ ಮೇಲೆ ಬಹುತೇಕ ಮರಳಿ ಬರುತ್ತದೆ. ಮರುಕಳಿಸಿದರೆ ಹೃದಯದ ಲಯವೂ ಮತ್ತೆ ತಪ್ಪಬಹುದು. ಅದಕ್ಕೇ ಒಮ್ಮೆ ಲಯ ತಪ್ಪಿದವರಿಗೆ, ಹಾರ್ಮೋನ್ ಹಿಡಿತಕ್ಕೆ ಬಂದ ಮೇಲೆ ವಿಕಿರಣ ಅಯೋಡಿನ್ ಅಥವಾ ಆಪರೇಷನ್ ಮಾಡಿ ಥೈರಾಯ್ಡ್ ತೊಂದರೆಯನ್ನು ಪೂರ್ತಿ ಮುಗಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅದಾದ ಮೇಲೆ ಥೈರಾಯ್ಡ್ ಕಡಿಮೆಯಾಗಿ ದಿನವೂ ಬೆಳಗ್ಗೆ ಒಂದು ಲೆವೊಥೈರಾಕ್ಸಿನ್ ಮಾತ್ರೆ ಬೇಕಾಗುವುದು ಸಾಮಾನ್ಯ. ಅದರ ಡೋಸ್ ಜಾಸ್ತಿಯಾಗಿ ಟಿಎಸ್‌ಎಚ್ ಮತ್ತೆ 0.1ಕ್ಕಿಂತ ಕೆಳಗೆ ಹೋದರೂ ಲಯ ತಪ್ಪಬಹುದು. ಆ ಮಾತ್ರೆ ಶುರುವಾದ ಮೇಲೆ ಡೋಸ್ ಬದಲಾಯಿಸಿದಾಗಲೆಲ್ಲ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮಾಡಿಸಿ, ಡೋಸ್ ನೆಲೆಗೊಂಡ ಮೇಲೆ ವರ್ಷಕ್ಕೊಮ್ಮೆಯಾದರೂ ಮಾಡಿಸುತ್ತಿರಿ.